ಕಿಲೋ ಹೊಸದು, ಮೊತ್ತ ಹಳೆಯದು: ಫೋನಿನಲ್ಲಿ ತುಂಬುವ ಪಿಡಿಎಫ್ ಫಾರ್ಮ್ ಎಲ್ಲಿ ಕೈಕೊಡುತ್ತದೆ?

ಪೊನ್ನಂಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ಶನಿವಾರ ಸಂಜೆ ಬಟವಾಡೆ. ಭಾನುವಾರ ಗೋಣಿಕೊಪ್ಪ ಸಂತೆ, ಅದಕ್ಕೆ ಶನಿವಾರವೇ ದುಡ್ಡು ಕೈಗೆ ಬರಬೇಕು. ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ನೋಡಿಕೊಂಡು ಹೆಸರು ಕರೆದು ಎಣಿಸಿ ಕೊಡುತ್ತಿದ್ದರು. ಒಬ್ಬ ಅಕ್ಕ ದುಡ್ಡು ತಗೊಂಡು ಅಲ್ಲೇ ನಿಂತರು. "ಅಣ್ಣ, ಇದು ಹೋದ ವಾರದ ದುಡ್ಡಲ್ವಾ? ಈ ವಾರ ಜಾಸ್ತಿ ಕುಯ್ದಿದ್ದೀನಿ."

ಅವರ ಕೈಯಲ್ಲಿ 955 ರೂಪಾಯಿ ಇತ್ತು. ಹೋದ ವಾರ ಸಿಕ್ಕಿದ್ದೂ 955. ಫೋನಿನಲ್ಲಿದ್ದ ಪಿಡಿಎಫ್ ಫಾರ್ಮ್‌ನಲ್ಲಿ ಆರು ದಿನದ ಕಿಲೋ ಮಾತ್ರ ಈ ವಾರದ್ದೇ. 62, 58, 70, 65, ಒಂದು ದಿನ ರಜೆ, ಆಮೇಲೆ 74. ಕೂಡಿದರೆ 329 ಕಿಲೋ. ಕಿಲೋಗೆ 5 ರೂಪಾಯಿಯಂತೆ 1645, ಮುಂಗಡಕ್ಕೆ ಮುರಿಯುವ 500 ಕಳೆದರೆ 1145. ಆದರೆ ಫಾರ್ಮ್‌ನ ಕೆಳಗಿನ ಪೆಟ್ಟಿಗೆಯಲ್ಲಿ ಇದ್ದದ್ದು 955. ಹೋದ ವಾರ 291 ಕಿಲೋ ಕುಯ್ದಿದ್ದರು, ಅದರ ಲೆಕ್ಕ ಅದು. 190 ರೂಪಾಯಿ ಕಮ್ಮಿ.

ಆ ಫಾರ್ಮ್ ಮಾಡಿಕೊಟ್ಟವನು ನಾನು. ನನ್ನ ಕಂಪ್ಯೂಟರ್‌ನಲ್ಲಿ ಹತ್ತು ಸಲ ನೋಡಿದ್ದೆ, ಒಂದು ಸಲವೂ ಲೆಕ್ಕ ತಪ್ಪಿರಲಿಲ್ಲ. ರೈಟರ್ ಕೂಡ ತಪ್ಪು ಮಾಡಿರಲಿಲ್ಲ. ಹೆಸರು, ದರ, ಮುಂಗಡ ಮತ್ತೆ ಬರೆಯುವ ಕೆಲಸ ಯಾಕೆ ಅಂತ ಹೋದ ವಾರದ ಫೈಲನ್ನೇ ತೆರೆದು, ಕಿಲೋ ಮಾತ್ರ ಬದಲಾಯಿಸಿದ್ದರು. ಯಾರಾದರೂ ಅದನ್ನೇ ಮಾಡುತ್ತಾರೆ. ಕಿಲೋ ಬದಲಾಯಿತು, ಮೊತ್ತ ಬದಲಾಗಲಿಲ್ಲ. ಫೋನ್ ಒಂದು ಎಚ್ಚರಿಕೆಯನ್ನೂ ತೋರಿಸಲಿಲ್ಲ.

ಈ ತಾಪತ್ರಯಕ್ಕೆ ಪಿಡಿಎಫ್ ಯಾಕೆ, ಆನ್‌ಲೈನ್ ಫಾರ್ಮ್ ಸಾಕಿತ್ತಲ್ವಾ ಅಂತ ಕೇಳಬಹುದು. ನಮ್ಮ ಕಡೆ ತೋಟದೊಳಗೆ ನೆಟ್‌ವರ್ಕ್ ಹುಡುಕುವುದೇ ಒಂದು ಕೆಲಸ. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಪಿಡಿಎಫ್‌ಗೆ ನೆಟ್ ಬೇಡ. ಪ್ರಿಂಟ್ ತೆಗೆದರೆ ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ಕೆಳಗೆ ಸಹಿ ಹಾಕಿಸಿ ಫೈಲಿಗೆ ಸೇರಿಸಬಹುದು. ಅದಕ್ಕೇ ಪಿಡಿಎಫ್ ಆರಿಸಿದ್ದೆ. ಕಾಣುವುದು ಎಲ್ಲ ಕಡೆ ಒಂದೇ ಥರ ಅನ್ನುವುದು ನಿಜವೇ. ಲೆಕ್ಕ ಮಾಡುವುದೂ ಎಲ್ಲ ಕಡೆ ಒಂದೇ ಥರ ಅಂದುಕೊಂಡೆ ನೋಡಿ, ಅಲ್ಲಿ ಎಡವಿದೆ.

ಪೆಟ್ಟಿಗೆಯೊಳಗೆ ಏನಿರುತ್ತದೆ ಅಂತ ಮೊದಲು ನೋಡೋಣ. ತುಂಬುವ ಪಿಡಿಎಫ್‌ನಲ್ಲಿ ಪ್ರತಿ ಪೆಟ್ಟಿಗೆಗೂ ಒಂದು ಹೆಸರಿರುತ್ತದೆ, ಒಂದು ಬೆಲೆ, ಅಂದರೆ ಅದರಲ್ಲಿ ತುಂಬಿದ ಅಂಕಿ ಅಥವಾ ಬರಹ ಇರುತ್ತದೆ, ಆ ಬೆಲೆ ಹಾಳೆಯ ಮೇಲೆ ಹೇಗೆ ಕಾಣಬೇಕು ಅನ್ನುವ ಚಿತ್ರವೂ ಇರುತ್ತದೆ. ಮೊತ್ತದ ಪೆಟ್ಟಿಗೆಗೆ ಇದರ ಜೊತೆ ಒಂದು ಸಣ್ಣ ಪ್ರೋಗ್ರಾಂ ಅಂಟಿಸಿರುತ್ತಾರೆ. ಅದು ಜಾವಾಸ್ಕ್ರಿಪ್ಟ್. ಪಿಡಿಎಫ್ ಫಾರ್ಮ್ ಮಾಡುವ ಅಡೋಬಿ ಕಂಪನಿಯ ಅಕ್ರೊಬ್ಯಾಟ್‌ನಲ್ಲಿ ನೀವು ಕೋಡ್ ಬರೆಯದೆ ಪಟ್ಟಿಯಿಂದ "ಕೂಡಿಸು" ಅಂತ ಆರಿಸಿದರೂ ಫೈಲಿನೊಳಗೆ ಹೋಗಿ ಕೂರುವುದು ಇಂಥದ್ದೇ ಒಂದು ಸಾಲು:

```
AFSimple_Calculate("SUM", new Array("kg1", "kg2", "kg3", "kg4", "kg5", "kg6"));
```

ಎಕ್ಸೆಲ್‌ನಲ್ಲಿ ಲೆಕ್ಕ ಮಾಡುವುದೇ ಕಸುಬು, ಯಾವ ಫೋನಿನ ಎಕ್ಸೆಲ್ ಆದರೂ ಕೂಡುತ್ತದೆ. ಪಿಡಿಎಫ್ ಹಾಗಲ್ಲ, ಅದು ಮೂಲತಃ ಹಾಳೆ. ಮೇಲಿನ ಸಾಲನ್ನು ಓದಿ ಓಡಿಸಬೇಕಾದರೆ ಪಿಡಿಎಫ್ ತೆರೆಯುವ ಆ್ಯಪ್‌ನೊಳಗೆ ಜಾವಾಸ್ಕ್ರಿಪ್ಟ್ ಎಂಜಿನ್ ಇರಬೇಕು, ಮೇಲಾಗಿ ಅಡೋಬಿ ಮಾಡಿಟ್ಟ `AFSimple_Calculate` ಥರದ ಹೆಸರುಗಳೂ ಅದಕ್ಕೆ ಗೊತ್ತಿರಬೇಕು. ಎಷ್ಟೋ ಆ್ಯಪ್‌ಗಳು ಇದನ್ನು ಬೇಕೆಂದೇ ಬಿಟ್ಟಿವೆ. ಆ್ಯಪ್ ಹಗುರ ಇರಬೇಕು ಅನ್ನುವುದು ಒಂದು ಕಾರಣ. ಪಿಡಿಎಫ್‌ನೊಳಗೆ ಕೆಟ್ಟ ಸ್ಕ್ರಿಪ್ಟ್ ಇಟ್ಟು ಕಂಪ್ಯೂಟರಿಗೆ ನುಗ್ಗುವವರು ಇರುವುದು ಇನ್ನೊಂದು ಕಾರಣ. ಎರಡನೆಯದನ್ನು ನಾನು ತಪ್ಪು ಅನ್ನುವುದಿಲ್ಲ.

ಸ್ಕ್ರಿಪ್ಟ್ ಗೊತ್ತಿಲ್ಲದ ಆ್ಯಪ್ ಏನು ಮಾಡುತ್ತದೆ? ಕಿಲೋ ಪೆಟ್ಟಿಗೆಯಲ್ಲಿ ನೀವು ಬರೆದದ್ದನ್ನು ಬರೆದಂತೆ ಉಳಿಸುತ್ತದೆ. ಮೊತ್ತದ ಪೆಟ್ಟಿಗೆಯಲ್ಲಿ ಮೊದಲೇ ಏನಿತ್ತೋ ಅದನ್ನೇ ತೋರಿಸುತ್ತದೆ. ಖಾಲಿ ಇದ್ದರೆ ಖಾಲಿ, 955 ಇದ್ದರೆ 955. ಅದರ ಲೆಕ್ಕದಲ್ಲಿ 955 ಅನ್ನುವುದು ಯಾರೋ ಕೈಯಾರೆ ಬರೆದ ಅಂಕಿಗಿಂತ ಬೇರೆಯಲ್ಲ.

ನಾನು ಫೈಲನ್ನು ಆಫೀಸಿನ ಕಂಪ್ಯೂಟರ್‌ಗೆ ತಂದು ಅಕ್ರೊಬ್ಯಾಟ್ ರೀಡರ್‌ನಲ್ಲಿ ತೆರೆದೆ. ಇಲ್ಲಿ ಸರಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ, ಅಲ್ಲೂ 955! ಒಂದು ಕ್ಷಣ ನನ್ನ ಕೋಡೇ ಕೆಟ್ಟಿದೆ ಅನಿಸಿತು. ಆಮೇಲೆ ಬುಧವಾರದ 70 ಅನ್ನು 71 ಮಾಡಿ ಬೇರೆ ಪೆಟ್ಟಿಗೆ ಒತ್ತಿದೆ. ಮೊತ್ತ ತಟ್ಟನೆ 1150 ಆಯಿತು. ಮತ್ತೆ 70 ಮಾಡಿದೆ, 1145. ರೀಡರ್ ಫೈಲು ತೆರೆದ ಕೂಡಲೇ ಲೆಕ್ಕ ಮಾಡುವುದಿಲ್ಲ. ಯಾವುದಾದರೂ ಪೆಟ್ಟಿಗೆ ಬದಲಾದಾಗ ಮಾತ್ರ ಮಾಡುತ್ತದೆ. ಹಾಗಾಗಿ ಫೋನಿನಲ್ಲಿ ತುಂಬಿದ ಫಾರ್ಮನ್ನು ಆಫೀಸಿನಲ್ಲಿ ಸುಮ್ನೆ ತೆರೆದು ಪ್ರಿಂಟ್ ಕೊಟ್ಟರೆ ತಪ್ಪು ಮೊತ್ತವೇ ಕಾಗದಕ್ಕೆ ಇಳಿಯುತ್ತದೆ. ಅಡೋಬಿಯದ್ದೇ ಸಾಫ್ಟ್‌ವೇರ್‌ನಲ್ಲಿ ತೆರೆದಿದ್ದೇವೆ ಅನ್ನುವ ಧೈರ್ಯದಲ್ಲಿ ಯಾರೂ ಎರಡನೇ ಸಲ ನೋಡುವುದೂ ಇಲ್ಲ.

ಯಾವುದರಲ್ಲಿ ಓಡುತ್ತದೆ, ಯಾವುದರಲ್ಲಿ ಓಡುವುದಿಲ್ಲ? ಕಂಪ್ಯೂಟರ್‌ನ ಕ್ರೋಮ್‌ನಲ್ಲಿರುವ ಎಂಜಿನ್ ಹೆಸರು ಪಿಡಿಎಫಿಯಮ್. ಫಾಕ್ಸಿಟ್ ಕಂಪನಿಯ ಕೋಡಿನಿಂದ ಬಂದದ್ದು, 2014ರಲ್ಲಿ ಗೂಗಲ್ ಅದನ್ನು ಎಲ್ಲರಿಗೂ ಮುಕ್ತ ಮಾಡಿತು. ಅದು ಸಾಮಾನ್ಯ ಕೂಡು, ಕಳೆ, ಗುಣಿಸುಗಳನ್ನು ಮಾಡುತ್ತದೆ. ಫೈರ್‌ಫಾಕ್ಸ್ 2021ರ ಏಪ್ರಿಲ್‌ನಲ್ಲಿ ಬಂದ 88ನೇ ಆವೃತ್ತಿಯಿಂದ ಪಿಡಿಎಫ್‌ನೊಳಗಿನ ಸ್ಕ್ರಿಪ್ಟ್ ಓಡಿಸುತ್ತಿದೆ. ಮ್ಯಾಕ್‌ನ ಪ್ರಿವ್ಯೂ ಓಡಿಸುವುದಿಲ್ಲ. ಫೋನಿನ ಅಕ್ರೊಬ್ಯಾಟ್ ರೀಡರ್ ಸರಳ ಲೆಕ್ಕ ಮಾಡುತ್ತದೆ, ಆದರೆ ಕಂಪ್ಯೂಟರ್‌ನ ಅಕ್ರೊಬ್ಯಾಟ್‌ಗೆ ಗೊತ್ತಿರುವ ಎಲ್ಲ ಆಜ್ಞೆಗಳೂ ಅದಕ್ಕೆ ಗೊತ್ತಿಲ್ಲ. ವಾಟ್ಸಾಪ್‌ನಲ್ಲಿ ಬಂದ ಫೈಲನ್ನು ಒತ್ತಿದಾಗ ತೆರೆದುಕೊಳ್ಳುವ ನೋಟ, ಫೋನ್ ಜೊತೆಗೇ ಬಂದಿರುವ ಓದುವ ಆ್ಯಪ್‌ಗಳು, ಇವನ್ನು ಲೆಕ್ಕಕ್ಕೆ ನಂಬಬೇಡಿ. ನಮ್ಮ ಕಡೆ ಜಾಸ್ತಿ ಜನ ಫಾರ್ಮ್ ತೆರೆಯುವುದು ಮಾತ್ರ ಅಲ್ಲೇ.

ಆದರೆ ಆ್ಯಪ್‌ಗಳ ಹೆಸರು ಬಾಯಿಪಾಠ ಮಾಡುವುದರಿಂದ ಲಾಭವಿಲ್ಲ, ಆವೃತ್ತಿ ಬದಲಾದಂತೆ ಇದೂ ಬದಲಾಗುತ್ತದೆ. ನಾನು ಈಗ ಯಾರ ಫೋನ್ ಸಿಕ್ಕಿದರೂ ಒಂದು ಪರೀಕ್ಷೆ ಮಾಡುತ್ತೇನೆ. ಸೋಮವಾರದ ಪೆಟ್ಟಿಗೆ ಒತ್ತುತ್ತೇನೆ. ಕೀಬೋರ್ಡೇ ಮೇಲೆ ಬರದಿದ್ದರೆ ಆ ಆ್ಯಪ್ ಹಾಳೆಯ ಚಿತ್ರವನ್ನಷ್ಟೇ ತೋರಿಸುತ್ತಿದೆ ಅಂತ ಅರ್ಥ. ಕೀಬೋರ್ಡ್ ಬಂದರೆ 1 ಅಂತ ಬರೆದು ಪಕ್ಕದ ಪೆಟ್ಟಿಗೆ ಒತ್ತುತ್ತೇನೆ. ಮೊತ್ತ ಕದಲದಿದ್ದರೆ ತುಂಬಲು ಬರುತ್ತದೆ, ಸ್ಕ್ರಿಪ್ಟ್ ಓಡುವುದಿಲ್ಲ. ಅಪಾಯ ಇರುವುದು ಈ ಎರಡನೇ ಜಾತಿಯಲ್ಲಿ. ಮೊದಲನೆಯದರಲ್ಲಿ ಜನ "ಬರ್ತಿಲ್ಲ ಸರ್" ಅಂತ ಫೋನ್ ಮಾಡುತ್ತಾರೆ. ಎರಡನೆಯದರಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಯಾರೂ ಫೋನ್ ಮಾಡುವುದಿಲ್ಲ.

ಮೂರನೆಯದೊಂದಿದೆ, ಅದು ಫೋನಿನ ತಪ್ಪಲ್ಲ, ಫಾರ್ಮ್ ಮಾಡಿದವರ ತಪ್ಪು. ಮೊತ್ತ ಬದಲಾಗುತ್ತದೆ, ಆದರೆ ಒಂದು ಹೆಜ್ಜೆ ಹಿಂದೆ ಇರುತ್ತದೆ. ನನ್ನ ಫಾರ್ಮ್‌ನಲ್ಲಿ ಒಟ್ಟು ಕಿಲೋಗೆ `kg_total`, ಕೈಗೆ ಸಿಗುವ ಹಣಕ್ಕೆ `kai` ಅಂತ ಹೆಸರಿಟ್ಟಿದ್ದೆ. `kai` ಲೆಕ್ಕಕ್ಕೆ `kg_total` ಬೇಕು. ಮೊದಲ ಕರಡಿನಲ್ಲಿ ಲೆಕ್ಕದ ಸರದಿ ತಲೆಕೆಳಗಾಗಿ `kai` ಮೊದಲು ಇತ್ತು. ಶನಿವಾರದ 74 ಬರೆದರೆ ಒಟ್ಟು ಕಿಲೋ ಸರಿಯಾಗಿ 329 ಆಗುತ್ತಿತ್ತು. ಹಣ ಮಾತ್ರ ಅದಕ್ಕೂ ಮುಂಚಿನ 255 ಕಿಲೋದ ಲೆಕ್ಕದಲ್ಲಿ 775ಕ್ಕೆ ನಿಂತಿರುತ್ತಿತ್ತು. ಇನ್ನೊಂದು ಪೆಟ್ಟಿಗೆ ಬದಲಾಯಿಸಿದರೆ ಆಗ ಸರಿಹೋಗುತ್ತಿತ್ತು. ಪ್ರತಿ ಬದಲಾವಣೆಗೆ ಅಕ್ರೊಬ್ಯಾಟ್ ಆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಒಂದೇ ಸಲ ಓಡಿಸುತ್ತದೆ, ಹಿಂದೆ ತಿರುಗಿ ನೋಡುವುದಿಲ್ಲ. ಫಾರ್ಮ್ ತಯಾರಿಸುವ ಮೆನುವಿನಲ್ಲಿ `Set Field Calculation Order` ಅಂತ ಇದೆ, ಅಲ್ಲಿ ಸರದಿ ಬದಲಾಯಿಸಬಹುದು.

ಇನ್ನು ಡ್ರಾಪ್‌ಡೌನ್. ಸರಳ ಪಟ್ಟಿ ಫೈಲಿನೊಳಗೇ ಬರೆದಿರುತ್ತದೆ, ಅದಕ್ಕೆ ಸ್ಕ್ರಿಪ್ಟ್ ಬೇಡ. ಹಾಗಾಗಿ ತುಂಬಲು ಬರುವ ಬಹುತೇಕ ಆ್ಯಪ್‌ಗಳಲ್ಲಿ ಅದು ತೆರೆದುಕೊಳ್ಳುತ್ತದೆ. ತೊಂದರೆ ಶುರುವಾಗುವುದು ನಾವು ಜಾಣತನ ಸೇರಿಸಿದಾಗ. ನಾನು ಎರಡು ಪಟ್ಟಿ ಇಟ್ಟಿದ್ದೆ. ಮೊದಲನೆಯದರಲ್ಲಿ ತೋಟ ಆರಿಸಿದರೆ ಎರಡನೆಯದರಲ್ಲಿ ಆ ತೋಟದ ಬ್ಲಾಕ್‌ಗಳು ಮಾತ್ರ ಬರಬೇಕು. ಎರಡನೇ ಪಟ್ಟಿಯನ್ನು ತುಂಬುವುದು `setItems` ಅನ್ನುವ ಆಜ್ಞೆ, ಅದೂ ಜಾವಾಸ್ಕ್ರಿಪ್ಟೇ. ಸ್ಕ್ರಿಪ್ಟ್ ಓಡದ ಫೋನಿನಲ್ಲಿ ಎರಡನೇ ಪಟ್ಟಿ ಒತ್ತಿದರೆ ನಾನು ಕೊನೆಗೆ ಉಳಿಸಿದಾಗ ಯಾವ ತೋಟದ ಬ್ಲಾಕ್ ಇತ್ತೋ ಅದೇ ಬರುತ್ತಿತ್ತು. ಮೇಲಿನ ತೋಟ ಆರಿಸಿ ಕೆಳಗಿನ ತೋಟದ ಬ್ಲಾಕ್ ಬರೆದ ಎರಡು ಹಾಳೆ ಆಮೇಲೆ ಸಿಕ್ಕವು. ಈಗ ಆ ಜಾಣತನ ತೆಗೆದಿದ್ದೇನೆ. ಒಂದೇ ಪಟ್ಟಿ, ಉದ್ದ ಪಟ್ಟಿ, ಎಲ್ಲ ಬ್ಲಾಕ್‌ಗಳೂ ಅದರಲ್ಲೇ. ಬೆರಳಲ್ಲಿ ಸ್ವಲ್ಪ ಜಾಸ್ತಿ ಎಳೆಯಬೇಕು, ಅಷ್ಟೇ.

ದರದ ಪಟ್ಟಿಯದು ಬೇರೆ ಕಥೆ. ಡ್ರಾಪ್‌ಡೌನ್‌ನ ಪ್ರತಿ ಸಾಲಿಗೂ ಕಾಣುವ ಹೆಸರು ಒಂದು, ಒಳಗಿನ ಬೆಲೆ ಇನ್ನೊಂದು ಇಡಬಹುದು. ಕಣ್ಣಿಗೆ ಕೆಲಸದ ಹೆಸರು, ಲೆಕ್ಕಕ್ಕೆ 5. ನೋಡಲು ಚೆಂದ. ಆದರೆ ಪಟ್ಟಿಯಲ್ಲಿ ಇಲ್ಲದ್ದನ್ನೂ ಬರೆಯಲು ಬಿಟ್ಟಿದ್ದರೆ ಯಾರೋ "5 ರೂ" ಅಂತ ಬರೆಯುತ್ತಾರೆ. ಅದು ಸ್ಕ್ರಿಪ್ಟ್‌ಗೆ ಅಂಕಿಯಲ್ಲ. ಗುಣಿಸಿದರೆ ಬರುವುದು `NaN`, ಅಂದರೆ ಅಂಕಿಯೇ ಅಲ್ಲದ್ದು. ಬರೆದವರಿಗೆ ಕಾಣುವುದು ಪೆಟ್ಟಿಗೆಯ ನಮೂನೆಗೆ ಬೆಲೆ ಹೊಂದುತ್ತಿಲ್ಲ ಅನ್ನುವ ಇಂಗ್ಲಿಷ್ ಸಂದೇಶ, ಅದೂ ಅವರು ಮುಟ್ಟಿಯೇ ಇರದ ಮೊತ್ತದ ಪೆಟ್ಟಿಗೆಯ ಬಗ್ಗೆ. ನಾನು ದರಕ್ಕೆ ಬರೀ ಅಂಕಿಗಳ ಪಟ್ಟಿ ಇಟ್ಟು, ಬೇರೆ ಬರೆಯುವ ಅವಕಾಶ ತೆಗೆದೆ.

ಇನ್ನೊಂದು ಸಣ್ಣ ಗುರುತು ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಯ ಗುಣಲಕ್ಷಣಗಳಲ್ಲಿ `Commit selected value immediately` ಅಂತ ಇರುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಹೊಸ ದರ ಆರಿಸಿದರೂ ಆ ಪೆಟ್ಟಿಗೆಯಿಂದ ಹೊರಗೆ ಬರುವ ತನಕ ಲೆಕ್ಕ ಕದಲುವುದಿಲ್ಲ. ಫೋನಿನಲ್ಲಿ ಜನ ದರ ಆರಿಸಿ ಮೊತ್ತ ನೋಡಿ "ಓಡ್ತಿಲ್ಲ" ಅಂತಾರೆ. ಪಕ್ಕದಲ್ಲೆಲ್ಲೋ ಒಂದು ಸಲ ಒತ್ತಿದ್ದರೆ ಓಡುತ್ತಿತ್ತು.

ಪಟ್ಟಿಯಲ್ಲಿ ಕನ್ನಡ ಇಡುವ ಆಸೆ ನನಗೂ ಇತ್ತು. ಹಾಳೆಯ ಮೇಲೆ ಅಚ್ಚಾದ ಕನ್ನಡಕ್ಕೆ ತೊಂದರೆ ಇಲ್ಲ, ಅದರ ಅಕ್ಷರ ಫೈಲಿನೊಳಗೇ ಬರುತ್ತದೆ. ಪೆಟ್ಟಿಗೆಯೊಳಗಿನ ಬರಹವನ್ನು ಮಾತ್ರ ತುಂಬುವಾಗ ಆ್ಯಪ್ ತಾನೇ ಹೊಸದಾಗಿ ಬಿಡಿಸಬೇಕು. ಅದರ ಕೈಯಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಚೌಕ ಡಬ್ಬಿಗಳು, ಇದ್ದೂ ಜೋಡಿಸಲು ಬರದಿದ್ದರೆ ಒತ್ತಕ್ಷರ ಪಕ್ಕಕ್ಕೆ ಹಾರಿ ಕೂರುತ್ತದೆ. ಬ್ಲಾಕ್ ಹೆಸರುಗಳನ್ನು ಕನ್ನಡದಲ್ಲಿ ಹಾಳೆಯ ಪಕ್ಕಕ್ಕೆ ಅಚ್ಚು ಹಾಕಿ, ಪಟ್ಟಿಯಲ್ಲಿ 1, 2, 3 ಇಟ್ಟೆ. ಮನಸ್ಸಿಗೆ ಸಮಾಧಾನ ಇಲ್ಲ, ಕೆಲಸ ನಡೆಯುತ್ತದೆ. ಲಕ್ಷದ ಲೆಕ್ಕಕ್ಕೂ ಇದೇ ಗತಿ. ಅಕ್ರೊಬ್ಯಾಟ್ ಅಂಕಿ ನಮೂನೆ ಮೂರು ಮೂರಕ್ಕೆ ಅಲ್ಪವಿರಾಮ ಹಾಕುತ್ತದೆ, ನಮ್ಮ 1,45,000 ಅದಕ್ಕೆ 145,000.

ಕೆಲವು ಫಾರ್ಮ್‌ಗಳು ಇಷ್ಟು ದೂರವೂ ಬರುವುದಿಲ್ಲ. ತೆರೆದರೆ `Please wait...` ಅಂತ ಒಂದು ಪುಟ, ಅಷ್ಟೇ. ಎಷ್ಟು ಕಾದರೂ ಅಷ್ಟೇ. ಅವು ಎಕ್ಸ್‌ಎಫ್‌ಎ ಅನ್ನುವ ಬೇರೆಯದೇ ವಿಧಾನದಲ್ಲಿ ಮಾಡಿದವು. ಹೊರಗೆ ಪಿಡಿಎಫ್ ಸಿಪ್ಪೆ, ಒಳಗೆ ಬೇರೆ ತಿರುಳು. 2017ರಲ್ಲಿ ಬಂದ ಪಿಡಿಎಫ್ 2.0 ಮಾನದಂಡವೇ ಅದನ್ನು ಕೈಬಿಟ್ಟಿದೆ. ಕಂಪ್ಯೂಟರ್‌ನ ಅಕ್ರೊಬ್ಯಾಟ್ ರೀಡರ್ ತೆರೆಯುತ್ತದೆ, ಫೋನಿನ ರೀಡರ್ ತೆರೆಯುವುದಿಲ್ಲ. ಅಂಥದ್ದು ಬಂದರೆ ಫೋನ್ ಕೆಳಗಿಟ್ಟು ಕಂಪ್ಯೂಟರ್ ಹುಡುಕುವುದೇ ದಾರಿ.

ಬಟವಾಡೆಯ ಫಾರ್ಮ್‌ಗೆ ಕೊನೆಗೆ ನಾನು ಮಾಡಿದ್ದು ಏನು? ಮೊದಲು ಒಂದು ಎಚ್ಚರಿಕೆ ಇಡುವ ಯೋಚನೆ ಮಾಡಿದೆ. "ಈ ಫೋನಿನಲ್ಲಿ ಲೆಕ್ಕ ಓಡುತ್ತಿಲ್ಲ" ಅಂತ ಕೆಂಪು ಅಕ್ಷರದ ಪೆಟ್ಟಿಗೆ, ಸ್ಕ್ರಿಪ್ಟ್ ಓಡಿದರೆ ಅದೇ ಆ ಪೆಟ್ಟಿಗೆಯನ್ನು ಮರೆಮಾಡುತ್ತದೆ. ಬಹಳ ಜನ ಬಳಸುವ ಉಪಾಯ. ಆದರೆ ಕಂಪ್ಯೂಟರ್‌ನಲ್ಲಿ ಒಂದು ಸಲ ತೆರೆದು ಉಳಿಸಿದರೆ ಮರೆಯಾದ ಪೆಟ್ಟಿಗೆ ಮರೆಯಾಗಿಯೇ ಉಳಿಯುತ್ತದೆ. ಆ ಫೈಲ್ ಮುಂದಿನ ವಾರ ಫೋನಿಗೆ ಹೋದರೆ ಎಚ್ಚರಿಕೆ ಇಲ್ಲ, ಹಳೆ ಮೊತ್ತ ಇದೆ. ನಮ್ಮ ರೈಟರ್ ಮಾಡುವುದೇ ಅದು, ಹಳೆ ಫೈಲ್ ಮತ್ತೆ ತೆರೆಯುವುದು. ಹಾಗಾಗಿ ಆ ಉಪಾಯವನ್ನು ಬಿಟ್ಟೆ.

ಬದಲಿಗೆ ಕೆಳಗೆ ಎರಡು ಪೆಟ್ಟಿಗೆ ಇಟ್ಟೆ. ಒಂದರ ಮೇಲೆ "ಫಾರ್ಮ್ ಲೆಕ್ಕ", ಅದನ್ನು ಯಾರೂ ಮುಟ್ಟುವಂತಿಲ್ಲ. ಪಕ್ಕದಲ್ಲಿ "ರೈಟರ್ ಲೆಕ್ಕ", ಅದಕ್ಕೆ ಯಾವ ಸ್ಕ್ರಿಪ್ಟೂ ಇಲ್ಲ. ರೈಟರ್ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಕೂಡಿ ಕೈಯಾರೆ ಬರೆಯಬೇಕು. "ಹಾಗಾದರೆ ಈ ಫಾರ್ಮ್ ಯಾಕೆ ಮಾಡಿದ್ರಿ?" ಅಂತ ರೈಟರ್ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಎರಡೂ ಒಂದೇ ಇದ್ದರೆ ದುಡ್ಡು ಕೊಡಿ, ಬೇರೆ ಇದ್ದರೆ ಇನ್ನೊಂದು ಸಲ ಕೂಡಿ ಅಂದೆ. ಅವತ್ತು ಇದು ಇದ್ದಿದ್ದರೆ ಒಂದು ಕಡೆ 955, ಪಕ್ಕದಲ್ಲಿ 1145 ಕಾಣುತ್ತಿತ್ತು.

ಫಾರ್ಮ್ ಲೆಕ್ಕದ ಕೋಡ್ ಈಗ ಹೀಗಿದೆ:

```
var kg = Number(this.getField("kg_total").value);
var dara = Number(this.getField("dara").value);
var mungada = Number(this.getField("mungada").value);
event.value = kg > 0 ? kg * dara - mungada : "";
```

ಕೊನೆಯ ಸಾಲು ನೋಡಿ. ಕಿಲೋ ಇನ್ನೂ ತುಂಬದಿದ್ದರೆ ಮೊತ್ತ ಸೊನ್ನೆಯಲ್ಲ, ಮೈನಸ್ 500 ಕೂಡ ಅಲ್ಲ, ಖಾಲಿ. ವಾರದ ಶುರುವಿಗೆ ಖಾಲಿ ಫೈಲ್ ಕೊಟ್ಟರೆ, ಸ್ಕ್ರಿಪ್ಟ್ ಓಡದ ಫೋನಿನಲ್ಲಿ ಆ ಪೆಟ್ಟಿಗೆ ಖಾಲಿಯೇ ಉಳಿಯುತ್ತದೆ. ಖಾಲಿ ಪೆಟ್ಟಿಗೆ ನೋಡಿ ಯಾರೂ 955 ರೂಪಾಯಿ ಎಣಿಸುವುದಿಲ್ಲ. ಹೆಸರು, ದರ, ಮುಂಗಡ ತುಂಬಿ ಕಿಲೋ ಮಾತ್ರ ಖಾಲಿ ಬಿಟ್ಟ ಫೈಲನ್ನು ಈಗ ಆಫೀಸಿನಿಂದಲೇ ಪ್ರತಿ ವಾರ ಕಳಿಸುತ್ತಾರೆ. ರೈಟರ್‌ಗೆ ಹಳೆ ಫೈಲ್ ಹುಡುಕುವ ಕಾರಣವೇ ಉಳಿದಿಲ್ಲ. ಆದರೂ ಒಂದೊಂದು ಸಲ ಹುಡುಕುತ್ತಾರೆ, ಅದಕ್ಕೇ ಎರಡು ಪೆಟ್ಟಿಗೆ.

ಆಫೀಸಿನ ಕಡೆಗೂ ಒಂದು ಸಾಲು ಬೇಕಿತ್ತು. ಇಡೀ ಫೈಲಿಗೆ ಸೇರಿದ ಸ್ಕ್ರಿಪ್ಟ್ ಜಾಗದಲ್ಲಿ ಇದನ್ನು ಹಾಕಿದೆ:

```
this.calculateNow();
```

ರೀಡರ್‌ನಲ್ಲಿ ಫೈಲ್ ತೆರೆದ ಕೂಡಲೇ ಲೆಕ್ಕ ಹೊಸದಾಗಿ ಆಗುತ್ತದೆ, 70 ಅನ್ನು 71 ಮಾಡುವ ಸರ್ಕಸ್ ಬೇಡ. ಇದಕ್ಕೂ ಒಂದು ಷರತ್ತಿದೆ. ಫೋನಿನಿಂದ ಬರುವುದು ಪೆಟ್ಟಿಗೆಗಳು ಜೀವಂತ ಇರುವ ಫೈಲೇ ಆಗಿರಬೇಕು. ಕೆಲವರು ಫೋನಿನಲ್ಲಿ ಪ್ರಿಂಟ್ ಒತ್ತಿ ಮತ್ತೆ ಪಿಡಿಎಫ್ ಆಗಿ ಉಳಿಸುತ್ತಾರೆ, ಕೆಲವರು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದರಲ್ಲಿ ಪೆಟ್ಟಿಗೆ ಇಲ್ಲ, ಸ್ಕ್ರಿಪ್ಟ್ ಇಲ್ಲ, ಬರೀ ಚಿತ್ರ. ಕಿಲೋ ಪೆಟ್ಟಿಗೆಯ ಮೇಲೆ ಒತ್ತಿ ನೋಡಿದರೆ ಗೊತ್ತಾಗುತ್ತದೆ, ಕರ್ಸರ್ ಬರುವುದಿಲ್ಲ.

ಬರೀ ಲೆಕ್ಕವೇ ಮುಖ್ಯ, ಹಾಳೆಯ ಅಂದ ಮತ್ತು ಸಹಿ ಬೇಡ ಅನ್ನುವವರಿಗೆ ನಾನು ಈಗ ಪಿಡಿಎಫ್ ಮಾಡಿಕೊಡುವುದೇ ಇಲ್ಲ. ಫೋನಿನಲ್ಲಿ ನೆಟ್ ಇಲ್ಲದೆಯೂ ತೆರೆಯುವ ಎಕ್ಸೆಲ್ ಹಾಳೆ ಸಾಕು, ಅಲ್ಲಿ ಕೂಡುವುದು ಆ್ಯಪ್‌ನ ಕೆಲಸವೇ. ಈ ತೋಟದವರಿಗೆ ಸಹಿ ಹಾಕಿದ ಹಾಳೆ ಬೇಕೇ ಬೇಕು, ಆದ್ದರಿಂದ ಪಿಡಿಎಫ್ ಉಳಿದಿದೆ.

ಆ ಅಕ್ಕನಿಗೆ 190 ರೂಪಾಯಿ ಅವತ್ತೇ ಕೊಟ್ಟರು. ಅವರು ಯಾವ ಫಾರ್ಮನ್ನೂ ನೋಡಿರಲಿಲ್ಲ. ದಿನಾ ಸಂಜೆ ತೂಕ ಆದ ಮೇಲೆ ಕಿಲೋವನ್ನು ಲೈನ್ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತಾರಂತೆ. ಮುಂದಿನ ಶನಿವಾರ ಹೊಸ ಫಾರ್ಮ್ ಹಿಡಿದು ನಾನೂ ಹೋಗಿದ್ದೆ. ರೈಟರ್ ಎರಡೂ ಪೆಟ್ಟಿಗೆ ತೋರಿಸಿ ಓದಿದರು. ಅಕ್ಕ ಬೆರಳು ಮಡಿಸುತ್ತಾ ಕೇಳಿ, ತಲೆ ಆಡಿಸಿ, ದುಡ್ಡು ಸೆರಗಿಗೆ ಕಟ್ಟಿಕೊಂಡು ಹೋದರು.